ಅರ್ಜಿಯ ಪ್ರಶ್ನೆಗೆ ಬರೆದ ಉತ್ತರ ಉರು ಹೊಡೆದ ಹಾಗೆ ಕೇಳುತ್ತಿದೆ, ಎಲ್ಲಿ ಎಡವುತ್ತಿದ್ದೇನೆ?

ಚೈತ್ರಾ, ವಿಜಯನಗರ

ಎಲ್ಲರಿಗೂ ನಮಸ್ಕಾರ. ವಿಜಯನಗರದ ಒಂದು ಚಿಕ್ಕ ಲ್ಯಾಬಿನಲ್ಲಿ ನಾಲ್ಕು ವರ್ಷದಿಂದ ಫ್ರಂಟ್ ಡೆಸ್ಕ್ ನೋಡಿಕೊಳ್ಳುತ್ತಿದ್ದೇನೆ. ಮನೆಗೆ ಹೋಗಿ ರಕ್ತ ತೆಗೆಯುವ ಟೆಕ್ನಿಷಿಯನ್‌ಗಳಿಗೆ ಡ್ಯೂಟಿ ಹಾಕುವುದೂ ನಾನೇ. ಈಗ ಒಂದು ಆಸ್ಪತ್ರೆಯಲ್ಲಿ ಆಪರೇಷನ್ಸ್ ಕೋಆರ್ಡಿನೇಟರ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ. ರೆಸ್ಯೂಮೆ ಜೊತೆಗೆ ಫಾರ್ಮಿನಲ್ಲಿ ಮೂರು ಪ್ರಶ್ನೆ ಇವೆ, ಒಂದೊಂದಕ್ಕೂ 250 ಪದದ ಮಿತಿ. ಮೊದಲನೆಯದು ಇದು: ಕೆಲಸದಲ್ಲಿ ಪದೇ ಪದೇ ಬರುತ್ತಿದ್ದ ಒಂದು ತೊಂದರೆಯನ್ನು ನೀವು ಹೇಗೆ ಸರಿಪಡಿಸಿದಿರಿ?

ಪರಿಸ್ಥಿತಿ, ಮಾಡಿದ ಕೆಲಸ, ಫಲಿತಾಂಶ, ಈ ಕ್ರಮದಲ್ಲಿ ಬರೆಯಬೇಕು ಅಂತ ಗೊತ್ತು. ಹಾಗೇ ಬರೆದೆ. ತಂಗಿಗೆ ಓದಿ ಹೇಳಿದರೆ ಅವಳು, "ಅಕ್ಕಾ, ಇದು ನೀನು ಮಾತಾಡಿದ ಹಾಗೆ ಇಲ್ಲ, ಶಾಲೆ ವಾರ್ಷಿಕ ವರದಿ ಓದಿದ ಹಾಗಿದೆ" ಅಂದಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ:

"ನಮ್ಮ ಸಂಸ್ಥೆ ಗುಣಮಟ್ಟದ ಸೇವೆಗೆ ಹೆಸರಾಗಿದೆ. ಮನೆ ಭೇಟಿ ಸೇವೆಯಲ್ಲಿ ವಿಳಂಬ ಉಂಟಾಗಿ ಗ್ರಾಹಕರಲ್ಲಿ ಅಸಮಾಧಾನ ಮೂಡಿತ್ತು. ಈ ಸವಾಲನ್ನು ಸ್ವೀಕರಿಸಿ, ತಂಡದೊಂದಿಗೆ ಸಮನ್ವಯ ಸಾಧಿಸಿ, ಮೂಲ ಕಾರಣವನ್ನು ಪತ್ತೆಹಚ್ಚಿ ಸೂಕ್ತ ಕ್ರಮಗಳನ್ನು ಕೈಗೊಳ್ಳಲಾಯಿತು. ಪರಿಣಾಮವಾಗಿ ವಿಳಂಬ ಗಣನೀಯವಾಗಿ ಕಡಿಮೆಯಾಗಿ ಗ್ರಾಹಕರ ತೃಪ್ತಿ ಹೆಚ್ಚಿತು."

ಸುಳ್ಳು ಒಂದೂ ಇಲ್ಲ. ಆದರೂ ಓದಿದರೆ ನನಗೇ ನಂಬಿಕೆ ಬರುವುದಿಲ್ಲ. ಭಾನುವಾರ ರಾತ್ರಿಯೊಳಗೆ ಕಳಿಸಬೇಕು. ದಯವಿಟ್ಟು ಹೇಳಿ.

ರಘು, ಬನಶಂಕರಿ

ಚೈತ್ರಾ ಅವರೇ, ಇದರಲ್ಲಿ ನಂಬರ್ ಒಂದೂ ಇಲ್ಲ. ನಂಬರ್ ಇಲ್ಲದ ಉತ್ತರವನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. "ವಿಳಂಬ 40 ಪರ್ಸೆಂಟ್ ಇಳಿಸಿದೆ" ಅಂತ ಹಾಕಿ. ಮತ್ತೆ ಪರಿಸ್ಥಿತಿ, ಕೆಲಸ, ಫಲಿತಾಂಶ ಅಂತ ಮೂರು ಹೆಡ್ಡಿಂಗ್ ಕೊಡಿ. ಓದುವವರಿಗೆ ಸುಲಭ. ನಾನು ಎರಡು ಸಲ ಕಂಪನಿ ಬದಲಾಯಿಸಿದ್ದು ಹೀಗೇ ಬರೆದು.

ಲೋಕೇಶ್, ಯಲಹಂಕ

ಫಾಂಟ್ ಯಾವುದು ಹಾಕಿದ್ದೀರಿ? ರೆಸ್ಯೂಮೆ ಎರಡು ಪುಟ ದಾಟಬಾರದು. ಫೋಟೋ ಬೇಡ. ಹಳೇ ಕೆಲಸ ಕೆಳಗೆ, ಹೊಸದು ಮೇಲೆ.

ಚೈತ್ರಾ, ವಿಜಯನಗರ

ಲೋಕೇಶ್ ಸರ್, ರೆಸ್ಯೂಮೆ ಕಳಿಸಿ ಆಗಿದೆ. ಇದು ಫಾರ್ಮಿನ ಒಳಗೇ ಬರೆಯುವ ಉತ್ತರ. ರಘು ಅವರೇ, 40 ಪರ್ಸೆಂಟ್ ಅಂತ ನನ್ನ ಹತ್ತಿರ ಲೆಕ್ಕ ಇಲ್ಲವಲ್ಲ. ಇಂಟರ್‌ವ್ಯೂನಲ್ಲಿ ಹೇಗೆ ಬಂತು ಅಂತ ಕೇಳಿದರೆ ಏನು ಹೇಳಲಿ?

ಪದ್ಮನಾಭ, ಮಲ್ಲೇಶ್ವರಂ

ಹದಿನೈದು ವರ್ಷಕ್ಕಿಂತ ಜಾಸ್ತಿ ಇಂಥ ಅರ್ಜಿಗಳನ್ನು ಓದುವ ಕೆಲಸ ಮಾಡಿದ್ದೇನೆ, ಮೊದಲು ಒಂದು ಕಾರ್ಖಾನೆಯಲ್ಲಿ, ಆಮೇಲೆ ಆಸ್ಪತ್ರೆಯಲ್ಲಿ. ಓದುವವರ ಕಡೆಯಿಂದ ಹೇಳುತ್ತೇನೆ ಚೈತ್ರಾ ಅವರೇ.

ನಿಮ್ಮ ಉತ್ತರದಲ್ಲಿ ಕ್ರಮ ಸರಿಯಾಗಿದೆ. ಆದರೆ ಇದನ್ನು ಒಬ್ಬ ಹೋಟೆಲ್ ಮ್ಯಾನೇಜರ್ ಬರೆಯಬಹುದು, ಕೊರಿಯರ್ ಆಫೀಸಿನವರು ಬರೆಯಬಹುದು. "ಮನೆ ಭೇಟಿ" ಅನ್ನುವುದೊಂದನ್ನು ತೆಗೆದರೆ ನಿಮ್ಮ ಲ್ಯಾಬೇ ಅದರಲ್ಲಿ ಕಾಣುವುದಿಲ್ಲ. ಉರು ಹೊಡೆದ ಹಾಗೆ ಕೇಳುವುದಕ್ಕೆ ಕಾರಣ ಅದು. ಮೂರು ಭಾಗ ಇಟ್ಟಿದ್ದರಿಂದ ಹಾಗೆ ಕೇಳುತ್ತಿಲ್ಲ, ಮೂರೂ ಭಾಗ ಖಾಲಿ ಇರುವುದರಿಂದ ಕೇಳುತ್ತಿದೆ.

ಕ್ರಿಯಾಪದಗಳನ್ನೇ ನೋಡಿ. ಸಮನ್ವಯ ಸಾಧಿಸಿ. ಪತ್ತೆಹಚ್ಚಿ. ಕ್ರಮ ಕೈಗೊಳ್ಳಲಾಯಿತು. ಇವನ್ನು ಕಣ್ಣಿನಿಂದ ನೋಡಲು ಆಗುವುದಿಲ್ಲ. ನಿಮ್ಮ ಪಕ್ಕ ಒಂದು ಕ್ಯಾಮೆರಾ ಇಟ್ಟಿದ್ದರೆ ಅದರಲ್ಲಿ ಏನು ಬೀಳುತ್ತಿತ್ತು? ಫೋನ್ ಮಾಡಿದಿರಾ, ರಿಜಿಸ್ಟರ್ ತೆಗೆದು ಎಣಿಸಿದಿರಾ, ಯಾರ ಜೊತೆ ಕೂತು ಮಾತಾಡಿದಿರಾ? ಅದನ್ನು ಬರೆಯಬೇಕು. ಅದರಲ್ಲೂ "ಕೈಗೊಳ್ಳಲಾಯಿತು" ನಿಮಗೆ ದೊಡ್ಡ ನಷ್ಟ ಮಾಡುತ್ತಿದೆ. ಮಾಡಿದವರು ಯಾರು ಅಂತಲೇ ಅದರಲ್ಲಿ ಇಲ್ಲ. ನಾವು ಮನೆಯಲ್ಲಿ "ಮಾಡಿದೆ" ಅಂದರೆ ಸಾಕು, ಮಾಡಿದ್ದು ನಾನು ಅಂತ ಆ ಪದದಲ್ಲೇ ಬಂತು. ಆಫೀಸ್ ಭಾಷೆಗೆ ಹೋದ ಕೂಡಲೇ ಅದು ಕಳೆದುಹೋಗುತ್ತದೆ. ಅಂಕ ಕೊಡುವವರು ನಿಮ್ಮನ್ನು ಹುಡುಕುತ್ತಿರುತ್ತಾರೆ, ನಿಮ್ಮ ತಂಡವನ್ನಲ್ಲ.

ಹೆಡ್ಡಿಂಗ್ ಬೇಡ. 250 ಪದದಲ್ಲಿ ಹೆಡ್ಡಿಂಗ್ ಹಾಕಿದರೆ ಮೂರು ಭಾಗಕ್ಕೂ ಸಮನಾಗಿ ಜಾಗ ಹಂಚುವ ಅಭ್ಯಾಸ ಬರುತ್ತದೆ. ಜಾಗ ಸಮ ಇರಬಾರದು. ಪರಿಸ್ಥಿತಿಗೆ ಸುಮಾರು 50 ಪದ ಸಾಕು. ನೀವು ಮಾಡಿದ್ದಕ್ಕೆ 150. ಉಳಿದದ್ದು ಫಲಿತಾಂಶಕ್ಕೆ. ಇದು ತಕ್ಕಡಿಯಲ್ಲಿ ತೂಗುವ ಲೆಕ್ಕ ಅಲ್ಲ, ಆದರೆ ಮಧ್ಯದ ಭಾಗ ಅರ್ಧಕ್ಕಿಂತ ಕಡಿಮೆ ಆದರೆ ಏನೋ ತಪ್ಪಿದೆ ಅಂತ ಅರ್ಥ.

ಈಗ ಒಂದು ಕೆಲಸ ಮಾಡಿ. ಫಾರ್ಮ್ ಮರೆತುಬಿಡಿ. ತಂಗಿಗೆ ಹೇಳಿದ ಹಾಗೆ ಇಲ್ಲಿ ನಮಗೆ ಹೇಳಿ, ಆವತ್ತು ಏನಾಯಿತು?

ಚೈತ್ರಾ, ವಿಜಯನಗರ

ಸರಿ ಸರ್. ಉದ್ದ ಆಗಬಹುದು.

ನಮ್ಮಲ್ಲಿ ಬೆಳಿಗ್ಗೆ ಆರೂವರೆಗೆ ಇಬ್ಬರು ಟೆಕ್ನಿಷಿಯನ್‌ಗಳು ಬೈಕಿನಲ್ಲಿ ಹೊರಡುತ್ತಾರೆ. ದಿನಕ್ಕೆ ಹನ್ನೆರಡು ಮನೆ ಆಗುತ್ತದೆ. ಹೆಚ್ಚಿನವರು ಫಾಸ್ಟಿಂಗ್ ಶುಗರ್‌ನವರು, ರಾತ್ರಿ ಊಟ ಆದಮೇಲೆ ಏನೂ ತಿಂದಿರುವುದಿಲ್ಲ. ಹುಡುಗ ತಡ ಮಾಡಿದರೆ ವಯಸ್ಸಾದವರು ಕಾಫಿಯೂ ಇಲ್ಲದೆ ಕೂತಿರಬೇಕು. ಒಂದು ದಿನ ಒಬ್ಬ ಅಜ್ಜಿ ಫೋನ್ ಮಾಡಿ, "ಕೈ ನಡುಗುತ್ತಿದೆ ಮಗಾ, ಇನ್ನೂ ಎಷ್ಟು ಹೊತ್ತು?" ಅಂದರು. ನಾನು ಏನಾದರೂ ತಿಂದುಬಿಡಿ ಅಜ್ಜಿ, ಟೆಸ್ಟ್ ನಾಳೆ ಮಾಡಿಸೋಣ ಅಂದೆ. ಆವತ್ತಿಂದ ನನಗೆ ಸಮಾಧಾನ ಇರಲಿಲ್ಲ.

ಮೊದಲು ಹುಡುಗರನ್ನು ಆರು ಗಂಟೆಗೇ ಹೊರಡಿಸಿದೆ. ಒಂದು ವಾರ ನೋಡಿದೆ, ಏನೂ ಬದಲಾಗಲಿಲ್ಲ. ಆಮೇಲೆ ರಿಜಿಸ್ಟರಿನಲ್ಲಿ ಒಂದು ಕಾಲಂ ಎಳೆದು, ಅರ್ಧ ಗಂಟೆ ದಾಟಿದ ಪ್ರತಿಯೊಂದಕ್ಕೂ ಕಾರಣ ಬರೆಯಿರಿ ಅಂದೆ. ಎರಡು ವಾರ, ಅಂದರೆ 12 ದಿನ ಬರೆದರು. ಎಣಿಸಿದರೆ ಜಾಸ್ತಿ ಇದ್ದದ್ದು ಮನೆ ಸಿಗಲಿಲ್ಲ ಅನ್ನುವುದು. ನಮ್ಮ ಕಡೆ ನಿಮಗೆ ಗೊತ್ತಲ್ಲ, 5ನೇ ಕ್ರಾಸ್ ಅಂದರೆ ಈ ಬಡಾವಣೆಯಲ್ಲೂ ಇದೆ, ಆ ಸ್ಟೇಜಿನಲ್ಲೂ ಇದೆ. ನಮ್ಮ ಬುಕಿಂಗ್ ಚೀಟಿಯಲ್ಲಿ ಮನೆ ನಂಬರ್, ಕ್ರಾಸ್, ಮೇನ್ ಅಷ್ಟೇ. ಬಡಾವಣೆ, ಸ್ಟೇಜ್ ಬರೆಯಲು ಜಾಗವೇ ಇರಲಿಲ್ಲ.

ಚೀಟಿಯಲ್ಲಿ ಎರಡು ಗೆರೆ ಸೇರಿಸಿದೆ, ಬಡಾವಣೆಗೆ ಒಂದು, ಹತ್ತಿರದ ಗುರುತಿಗೆ ಒಂದು. ಹಿಂದಿನ ದಿನ ಸಂಜೆ ಐದಕ್ಕೆ ಫೋನ್ ಮಾಡಿ ವಾಟ್ಸಾಪಿನಲ್ಲಿ ಲೊಕೇಶನ್ ತರಿಸಿಕೊಳ್ಳಲು ಶುರು ಮಾಡಿದೆ. ವಾಟ್ಸಾಪ್ ಇಲ್ಲದವರಿಗೆ ದೇವಸ್ಥಾನ, ಬೇಕರಿ, ಹಾಲಿನ ಬೂತ್ ಯಾವುದು ಹತ್ತಿರ ಅಂತ ಕೇಳಿ ಬರೆದುಕೊಂಡೆ. ಶುಗರ್ ಮಾತ್ರೆ ತಗೊಳ್ಳುವವರನ್ನು ಲಿಸ್ಟಿನಲ್ಲಿ ಮೇಲಕ್ಕೆ ಹಾಕಿದೆ. ಅಷ್ಟೇ ಸರ್.

ಪದ್ಮನಾಭ, ಮಲ್ಲೇಶ್ವರಂ

"ಅಷ್ಟೇ" ಅನ್ನಬೇಡಿ. ಫಾರ್ಮಿನಲ್ಲಿ ಇರಬೇಕಾಗಿದ್ದದ್ದು ಇದೇ. ನಿಮ್ಮ ಮೊದಲ ಉತ್ತರದ "ಮೂಲ ಕಾರಣ ಪತ್ತೆಹಚ್ಚಿ" ಅನ್ನುವ ಮೂರು ಪದದ ಒಳಗೆ ಈ ಕಾಲಂ, ಈ ಚೀಟಿ, ಈ 12 ದಿನ ಎಲ್ಲ ಹೂತುಹೋಗಿತ್ತು.

ಆ ರಿಜಿಸ್ಟರ್ ಈಗಲೂ ಇದೆಯಾ? ಇದ್ದರೆ ಆ 12 ದಿನ ಎಣಿಸಿ. ಚೀಟಿ ಬದಲಾಯಿಸಿದ ಮೇಲಿನ 12 ದಿನವನ್ನೂ ಎಣಿಸಿ. ಒಟ್ಟು ಎಷ್ಟು ಮನೆ, ಅದರಲ್ಲಿ ತಡ ಎಷ್ಟು, ಎರಡೂ ಬೇಕು. ಎರಡನೇ ಸಲ ಬುಕಿಂಗ್ ಕಡಿಮೆ ಇದ್ದರೆ ತಡವೂ ತಾನಾಗಿ ಕಡಿಮೆ ಆಗಿರುತ್ತದೆ. ಆಗ ಅದು ನಿಮ್ಮ ಕೆಲಸದ ಫಲ ಅಂತ ಹೇಳಲು ಆಗುವುದಿಲ್ಲ.

ಶಬಾನಾ, ಪೀಣ್ಯ

ನನ್ನದೂ ಇದೇ ಕಷ್ಟ, ಆದರೆ ಉಲ್ಟಾ. ನಾನು ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ನಮ್ಮಲ್ಲಿ ಗಂಟೆಗೊಮ್ಮೆ ಬೋರ್ಡಿನ ಮೇಲೆ ಪೀಸ್ ಬರೆಯುತ್ತೇವೆ, ನಂಬರಿಗೆ ಬರವಿಲ್ಲ. ಬರೀ ನಂಬರ್ ತುಂಬಿಸಿ ಕಳಿಸಿದ್ದೆ. ಟಾರ್ಗೆಟ್ ಇಷ್ಟು, ಆಗಿದ್ದು ಇಷ್ಟು, ರಿಜೆಕ್ಟ್ ಇಷ್ಟು. ಇಂಟರ್‌ವ್ಯೂಗೆ ಕರೆದವರು, "ಇದರಲ್ಲಿ ನೀವು ಎಲ್ಲಿದ್ದೀರಿ?" ಅಂತ ಕೇಳಿದರು. ಆಗ ಉತ್ತರ ಬರಲಿಲ್ಲ. ಕಾಲರ್ ಹೊಲಿಯುವ ಹುಡುಗಿ ರಜೆ ಹಾಕಿದಾಗ ನಾನೇ ಮೆಷಿನ್ ಮೇಲೆ ಕೂತಿದ್ದೆ, ಇನ್ನೊಬ್ಬಳಿಗೆ ಅವತ್ತೇ ಕಲಿಸಿದ್ದೆ. ಅದನ್ನು ಬರೆಯಬೇಕು ಅಂತ ಹೊಳೆಯಲೇ ಇಲ್ಲ. ದಿನಾ ಮಾಡುವ ಕೆಲಸ ಅಲ್ವಾ, ಬರೆಯುವಂಥದ್ದು ಅನ್ನಿಸುವುದಿಲ್ಲ.

ಚೈತ್ರಾ, ವಿಜಯನಗರ

ಇವತ್ತು ಮಧ್ಯಾಹ್ನ ರಿಜಿಸ್ಟರ್ ತೆಗೆದು ಎಣಿಸಿದೆ. ಮೊದಲ 12 ದಿನ: 144 ಮನೆ, ಅರ್ಧ ಗಂಟೆಗಿಂತ ಜಾಸ್ತಿ ತಡ ಆದದ್ದು 31. ಅದರಲ್ಲಿ 19 ವಿಳಾಸದ್ದು. ಬದಲಾಯಿಸಿದ ಮೇಲಿನ 12 ದಿನ: 147 ಮನೆ, ತಡ 14. ವಿಳಾಸದ್ದು 3 ಮಾತ್ರ. ಉಳಿದದ್ದು ಟ್ರಾಫಿಕ್, ಬೈಕ್ ಪಂಕ್ಚರ್, ಮೊದಲ ಮನೆಯಲ್ಲೇ ಜಾಸ್ತಿ ಹೊತ್ತು ಹಿಡಿದದ್ದು.

ಶಬಾನಾ ಅವರೇ, ನೀವು ಹೇಳಿದ್ದು ನನಗೂ ಹೌದು. ಗೆರೆ ಎಳೆದದ್ದನ್ನು ಏನು ಬರೆಯುವುದು ಅನ್ನಿಸಿತ್ತು.

ರಘು, ಬನಶಂಕರಿ

ನೋಡಿ, ಲೆಕ್ಕ ಸಿಕ್ಕಿತು! 31ರಿಂದ 14 ಅಂದರೆ ಹತ್ತಿರ ಹತ್ತಿರ 55 ಪರ್ಸೆಂಟ್ ಇಳಿಕೆ. ಮೊದಲ ಸಾಲಿನಲ್ಲೇ ಹಾಕಿ.

ಪದ್ಮನಾಭ, ಮಲ್ಲೇಶ್ವರಂ

ರಘು ಅವರೇ, ನಂಬರ್ ಬೇಕು ಅಂದದ್ದು ಸರಿ. ಆದರೆ ಇಲ್ಲಿ ಪರ್ಸೆಂಟ್ ಬೇಡ ಅನ್ನುತ್ತೇನೆ. "55 ಪರ್ಸೆಂಟ್" ಓದಿದರೆ ಎಲ್ಲಿಂದ ಬಂತು ಅನ್ನುವ ಅನುಮಾನ ಮೊದಲು ಹುಟ್ಟುತ್ತದೆ. "144 ಮನೆಯಲ್ಲಿ 31 ತಡ ಇತ್ತು, ಆಮೇಲೆ 147ರಲ್ಲಿ 14" ಅಂದರೆ ಯಾರೋ ಕೂತು ಎಣಿಸಿದ್ದಾರೆ ಅಂತ ತಿಳಿಯುತ್ತದೆ. ಲಕ್ಷಗಟ್ಟಲೆ ಇದ್ದರೆ ಪರ್ಸೆಂಟ್ ಬೇಕಾಗುತ್ತದೆ. ಇಷ್ಟು ಚಿಕ್ಕ ಲೆಕ್ಕಕ್ಕೆ ಎಣಿಕೆಯೇ ಚೆನ್ನ. ಮುಖ್ಯವಾದದ್ದು 19 ಇದ್ದದ್ದು 3 ಆಗಿದೆಯಲ್ಲ, ಅದು. ನೀವು ಮುಟ್ಟಿದ ಕಾರಣವೇ ಇಳಿದಿದೆ ಅಂತ ಅದು ತೋರಿಸುತ್ತದೆ.

ರಿಜಿಸ್ಟರ್ ಇಲ್ಲದವರು ಏನು ಮಾಡಬೇಕು ಅಂತ ಯಾರಾದರೂ ಕೇಳಬಹುದು. ಊಹಿಸಿ ಪರ್ಸೆಂಟ್ ಹಾಕಬೇಡಿ. "ಮೊದಲು ವಾರಕ್ಕೆ ಮೂರು ನಾಲ್ಕು ಫೋನ್ ಬರುತ್ತಿತ್ತು, ಆಮೇಲೆ ತಿಂಗಳಿಗೆ ಒಂದು ಬಂದರೆ ಜಾಸ್ತಿ" ಅಂತ ನೆನಪಿದ್ದಷ್ಟು ಬರೆಯಿರಿ. ಅದೂ ಫಲಿತಾಂಶವೇ.

ಸುಧಾ, ಬಸವನಗುಡಿ

ನಾನೂ ಕೆಲವು ವರ್ಷ ಆಯ್ಕೆ ಸಮಿತಿಗಳಲ್ಲಿ ಕೂತಿದ್ದೇನೆ. ಒಂದು ವಿಷಯದಲ್ಲಿ ಎಚ್ಚರಿಕೆ ಹೇಳುತ್ತೇನೆ. ಆರು ಗಂಟೆಗೆ ಹೊರಡಿಸಿದ ಕಥೆ ಬಿಟ್ಟುಬಿಡಿ ಚೈತ್ರಾ. 250 ಪದದಲ್ಲಿ ಕೆಲಸ ಮಾಡದ ಉಪಾಯಕ್ಕೆ ಯಾಕೆ ಜಾಗ? ಕಾರಣ ತಿಳಿಯದೆ ಹುಡುಗರನ್ನು ಬೇಗ ಎಬ್ಬಿಸಿದರು ಅಂತ ಓದುವವರು ಅಂದುಕೊಂಡರೆ ಅಂಕ ಹೋಗುತ್ತದೆ. ಬರೆದ ಉತ್ತರದಲ್ಲಿ ತಿರುಗಿ ವಿವರಿಸುವ ಅವಕಾಶ ನಿಮಗೆ ಇರುವುದಿಲ್ಲ.

ಪದ್ಮನಾಭ, ಮಲ್ಲೇಶ್ವರಂ

ಸುಧಾ ಮೇಡಂ, ನಾನು ಇದನ್ನು ಇಟ್ಟುಕೊಳ್ಳುವ ಪಕ್ಷ. ಎಲ್ಲವೂ ಮೊದಲ ಸಲಕ್ಕೇ ಸರಿಹೋದ ಉತ್ತರವನ್ನು ದಿನಕ್ಕೆ ನಲವತ್ತು ಸಲ ಓದಿದವನಿಗೆ, ಒಂದು ಕಡೆ ಎಡವಿ ಅಲ್ಲಿಂದ ದಾರಿ ಬದಲಾಯಿಸಿದವರ ಮಾತು ಕಿವಿಗೆ ಬೀಳುತ್ತದೆ. ಆ ಎಡವಿದ್ದೇ ಅವರನ್ನು ಕಾಲಂ ಎಳೆಯುವ ಹಾಗೆ ಮಾಡಿತು. ಅದನ್ನು ತೆಗೆದರೆ, ಯಾಕೆ ಎಣಿಸಿದರು ಅನ್ನುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಒಂದು ಸಾಲು ಸಾಕು, ಜಾಸ್ತಿ ಬೇಡ.

ಸುಧಾ, ಬಸವನಗುಡಿ

ಒಂದೇ ಸಾಲು ಅಂದರೆ ಒಪ್ಪಬಹುದೇನೋ. ಆದರೆ ಅಂಕಪಟ್ಟಿ ಹಿಡಿದು ಓದುವವರು ಎಲ್ಲರೂ ನಿಮ್ಮ ಹಾಗೆ ತಾಳ್ಮೆಯಿಂದ ಓದುವುದಿಲ್ಲ ಸರ್. ನಾನಾಗಿದ್ದರೆ ಹಾಕುತ್ತಿರಲಿಲ್ಲ.

ಚೈತ್ರಾ, ವಿಜಯನಗರ

ಇಬ್ಬರ ಮಾತೂ ಯೋಚಿಸಿದೆ. ಒಂದು ಸಾಲು ಇಟ್ಟಿದ್ದೇನೆ. ರಾತ್ರಿ ಕನ್ನಡದಲ್ಲೇ ಮೊದಲು ಬರೆದೆ, ಆಮೇಲೆ ಇಂಗ್ಲಿಷ್ ಮಾಡಿದೆ. ಹೀಗೆ ಮಾಡಿದಾಗ ಕಷ್ಟದ ಪದ ತಾನಾಗಿಯೇ ಬರಲಿಲ್ಲ. ನೋಡಿ:

"ನಮ್ಮ ಲ್ಯಾಬಿನಿಂದ ದಿನಕ್ಕೆ ಸುಮಾರು 12 ಮನೆಗಳಿಗೆ ರಕ್ತ ತೆಗೆಯಲು ಇಬ್ಬರು ಟೆಕ್ನಿಷಿಯನ್‌ಗಳು ಹೋಗುತ್ತಾರೆ. ಹೆಚ್ಚಿನವು ಫಾಸ್ಟಿಂಗ್ ಟೆಸ್ಟ್. ಅವರು ತಡವಾದಷ್ಟು ಹೊತ್ತು ರೋಗಿಗಳು ಹಸಿದು ಕೂರಬೇಕು. ಡ್ಯೂಟಿ ಹಾಕುವವಳು ನಾನು, ಹಾಗಾಗಿ ಬೆಳಿಗ್ಗೆಯ ದೂರಿನ ಫೋನ್‌ಗಳು ನನಗೇ ಬರುತ್ತಿದ್ದವು.

ಮೊದಲು ಅರ್ಧ ಗಂಟೆ ಬೇಗ ಹೊರಡಿಸಿದೆ. ಪ್ರಯೋಜನವಾಗಲಿಲ್ಲ, ತಡ ಎಲ್ಲಿ ಆಗುತ್ತಿದೆ ಅಂತ ನನಗೇ ಗೊತ್ತಿರಲಿಲ್ಲ. ಆದ್ದರಿಂದ ರಿಜಿಸ್ಟರಿನಲ್ಲಿ ಒಂದು ಕಾಲಂ ಸೇರಿಸಿ, ಅರ್ಧ ಗಂಟೆಗಿಂತ ಜಾಸ್ತಿ ತಡವಾದ ಪ್ರತಿ ಭೇಟಿಗೂ 12 ದಿನ ಕಾರಣ ಬರೆಸಿದೆ. 31 ತಡಗಳಲ್ಲಿ 19 ಮನೆ ಸಿಗದೆ ಆದವು. ಒಂದೇ ಕ್ರಾಸ್ ನಂಬರ್ ಹಲವು ಬಡಾವಣೆಗಳಲ್ಲಿದೆ, ನಮ್ಮ ಬುಕಿಂಗ್ ಚೀಟಿಯಲ್ಲಿ ಬಡಾವಣೆಯ ಹೆಸರಿಗೆ ಜಾಗವೇ ಇರಲಿಲ್ಲ. ಚೀಟಿಗೆ ಬಡಾವಣೆ ಮತ್ತು ಹತ್ತಿರದ ಗುರುತು ಸೇರಿಸಿದೆ. ಹಿಂದಿನ ಸಂಜೆಯೇ ಫೋನ್ ಮಾಡಿ ಲೊಕೇಶನ್ ತರಿಸಿಕೊಂಡೆ. ವಾಟ್ಸಾಪ್ ಇಲ್ಲದ ಹಿರಿಯರ ಹತ್ತಿರ ದಾರಿ ಕೇಳಿ ಬರೆದುಕೊಂಡೆ. ಶುಗರ್ ಮಾತ್ರೆ ತಗೊಳ್ಳುವವರ ಮನೆಗಳನ್ನು ಮೊದಲು ಹಾಕಿದೆ.

ಮುಂದಿನ 12 ದಿನ, 147 ಭೇಟಿಗಳಲ್ಲಿ ತಡವಾದದ್ದು 14. ಮೊದಲು 144ರಲ್ಲಿ 31 ಇತ್ತು. ವಿಳಾಸದಿಂದ ಆದ ತಡ 19ರಿಂದ 3ಕ್ಕೆ ಇಳಿಯಿತು. ಟ್ರಾಫಿಕ್‌ನಿಂದ ಆಗುವ ತಡ ಹಾಗೇ ಇದೆ. ಅದಕ್ಕೆ ತಡವಾಗುತ್ತದೆ ಅಂತ ಗೊತ್ತಾದ ಕೂಡಲೇ ರೋಗಿಗೆ ಫೋನ್ ಮಾಡುತ್ತೇವೆ."

ಇಂಗ್ಲಿಷಿನಲ್ಲಿ 231 ಪದ ಆಯಿತು. ಅಜ್ಜಿಯ ವಿಷಯ ಬಿಟ್ಟಿದ್ದೇನೆ. ಹಾಕಬೇಕಿತ್ತಾ?

ಶಬಾನಾ, ಪೀಣ್ಯ

ಅಜ್ಜಿ ಇದ್ದರೆ ಮನಸ್ಸಿಗೆ ತಟ್ಟುತ್ತಿತ್ತು ಅನ್ನಿಸುತ್ತದೆ. ಆದರೂ ಇದು ನೀವೇ ಮಾತಾಡಿದ ಹಾಗಿದೆ. ಆ ಚೀಟಿ ಕಣ್ಣಿಗೆ ಕಾಣುತ್ತದೆ.

ಪದ್ಮನಾಭ, ಮಲ್ಲೇಶ್ವರಂ

ಅಜ್ಜಿಯನ್ನು ಇಂಟರ್‌ವ್ಯೂಗೆ ಇಟ್ಟುಕೊಳ್ಳಿ. ಹೆಸರು, ಬಡಾವಣೆ ಹೇಳಬೇಡಿ, ರೋಗಿಯ ವಿಷಯ ಹೊರಗೆ ಹೋಗಬಾರದು. ಯಾಕೆ ಎಣಿಸಲು ಹೊರಟಿರಿ ಅಂತ ಅವರು ಕೇಳಿಯೇ ಕೇಳುತ್ತಾರೆ, ಆಗ ಹೇಳಿ. ಬರೆದದ್ದನ್ನೇ ಅಲ್ಲಿ ಒಪ್ಪಿಸಿದರೆ ಮತ್ತೆ ಗಿಳಿಪಾಠ ಆಗುತ್ತದೆ. ಬರೆಯದೆ ಉಳಿಸಿಕೊಂಡದ್ದು ಒಂದೆರಡು ಇದ್ದರೆ ಅಲ್ಲಿ ಮಾತು ಸಹಜವಾಗಿ ಬೆಳೆಯುತ್ತದೆ.

ಒಂದು ತಿದ್ದುಪಡಿ. ಕೊನೆಯ ಸಾಲಿನಲ್ಲಿ "ಫೋನ್ ಮಾಡುತ್ತೇವೆ" ಇದೆ. ಅದನ್ನು ಶುರು ಮಾಡಿದ್ದು ನೀವಾ?

ಚೈತ್ರಾ, ವಿಜಯನಗರ

ಇಲ್ಲ ಸರ್, ಅದು ನಮ್ಮ ಟೆಕ್ನಿಷಿಯನ್ ಒಬ್ಬನ ಐಡಿಯಾ.

ಪದ್ಮನಾಭ, ಮಲ್ಲೇಶ್ವರಂ

ಹಾಗಾದರೆ "ಫೋನ್ ಮಾಡೋಣ ಅಂತ ನಮ್ಮ ಟೆಕ್ನಿಷಿಯನ್ ಹೇಳಿದ, ಅದನ್ನು ಇಬ್ಬರಿಗೂ ನಿಯಮ ಮಾಡಿದೆ" ಅಂತ ಬರೆಯಿರಿ. ನಿಮ್ಮದು ನಿಮಗೆ, ಅವನದು ಅವನಿಗೆ. "ನಾವು" ಅನ್ನುವ ಪದವನ್ನು ಪೂರ್ತಿ ಓಡಿಸಬೇಕು ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಯಾರು ಏನು ಮಾಡಿದರು ಅಂತ ತಿಳಿದರೆ ಸಾಕು.

ಚೈತ್ರಾ, ವಿಜಯನಗರ

ತಿದ್ದಿದೆ. ಈಗ ಎರಡನೇ ಪ್ರಶ್ನೆ: ಜೊತೆಯವರ ಜೊತೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ? ನನಗೆ ನೆನಪಾಗುವುದು ಮತ್ತೆ ಇದೇ ರಿಜಿಸ್ಟರ್. ಕಾರಣ ಬರೆಯಿರಿ ಅಂದಾಗ ಹಿರಿಯ ಟೆಕ್ನಿಷಿಯನ್ ಒಬ್ಬರು, "ನಮ್ಮ ಮೇಲೆ ತಪ್ಪು ಹೊರಿಸಲು ಇದು" ಅಂತ ಎರಡು ದಿನ ಬರೆಯಲೇ ಇಲ್ಲ. ಒಂದು ಬೆಳಿಗ್ಗೆ ಅವರ ಬೈಕಿನ ಹಿಂದೆ ಕೂತು ನಾಲ್ಕು ಮನೆಗೆ ನಾನೇ ಹೋದೆ. ಎರಡು ಕಡೆ ಮನೆ ಹುಡುಕಲು ನಾನೂ ಸುತ್ತಾಡಿದೆ. ಕಾಲಂನಲ್ಲಿ ಹೆಸರು ಬರೆಯುವುದು ಬೇಡ, ಕಾರಣ ಮಾತ್ರ ಬರೆಯೋಣ ಅಂತ ಅವರೇ ಹೇಳಿದರು, ಒಪ್ಪಿಕೊಂಡೆ. ಒಂದೇ ಘಟನೆಯನ್ನು ಎರಡು ಪ್ರಶ್ನೆಗೆ ಬಳಸಬಹುದಾ?

ರಘು, ಬನಶಂಕರಿ

ಬಳಸಬೇಡಿ. ಇವರಿಗೆ ಬೇರೆ ಅನುಭವವೇ ಇಲ್ಲ ಅನ್ನಿಸುತ್ತದೆ.

ಸುಧಾ, ಬಸವನಗುಡಿ

ಸಾಮಾನ್ಯವಾಗಿ ನಾನೂ ಬೇಡ ಅನ್ನುತ್ತೇನೆ. ಆದರೆ ಬೈಕಿನ ಹಿಂದೆ ಕೂತು ಹೋದದ್ದು ಓದಿದ ಮೇಲೆ ಸುಮ್ನೆ ಬಿಡಿ ಅನ್ನಲು ಮನಸ್ಸು ಬರುತ್ತಿಲ್ಲ. ಬೇರೆ ಘಟನೆ ನಿಜವಾಗಿ ಇಲ್ಲವಾ? ಕೌಂಟರಿನಲ್ಲಿ, ಬಿಲ್ಲಿಂಗ್‌ನವರ ಜೊತೆ?

ಚೈತ್ರಾ, ವಿಜಯನಗರ

ಬಿಲ್ಲಿಂಗ್‌ನವರ ಜೊತೆ ಒಂದು ಇದೆ ಮೇಡಂ, ಆದರೆ ಅದರಲ್ಲಿ ಕೊನೆಗೆ ಅವರ ಮಾತೇ ಸರಿ ಆಯಿತು, ನಾನು ಒಪ್ಪಿಕೊಂಡೆ. ಅದು ಉತ್ತರಕ್ಕೆ ಆಗುತ್ತದಾ ಗೊತ್ತಿಲ್ಲ. ಎರಡನ್ನೂ ಕನ್ನಡದಲ್ಲಿ ಬರೆದು ನಾಳೆ ಇಲ್ಲಿ ಹಾಕುತ್ತೇನೆ.